ಅಂಚಿನಲ್ಲಿ ಏಳು ಸಲ ‘ಎಲ್ಲಿ?’

ನಾನು ಬರೆದ ಮೊದಲ ಕವರ್ ಲೆಟರಿನ ಅಂಚಿನಲ್ಲಿ ನಮ್ಮ ಮೇಷ್ಟ್ರು ಪೆನ್ಸಿಲ್‌ನಲ್ಲಿ ಒಂದೇ ಪದ ಬರೆದಿದ್ದರು. ‘ಎಲ್ಲಿ?’ ಪತ್ರ ಇದ್ದದ್ದು ಒಂದೇ ಪುಟ. ಅದರಲ್ಲಿ ಏಳು ಕಡೆ ‘ಎಲ್ಲಿ?’ ಇತ್ತು.

ಕೆಲಸಕ್ಕೆ ಅರ್ಜಿ ಹಾಕುವಾಗ ಇಡುತ್ತೇವಲ್ಲ, ಆ ಕವರ್ ಲೆಟರ್ ಅಲ್ಲ ಇದು. ಬಸವನಗುಡಿ ಕಡೆಯ ಒಂದು ಕಾಲೇಜಿನಲ್ಲಿ ಡಿಗ್ರಿ ಓದುತ್ತಿದ್ದಾಗ ನಮಗೆ ಕನ್ನಡ ಬರವಣಿಗೆಯ ಒಂದು ಪೇಪರ್ ಇತ್ತು. ಅದಕ್ಕೆ ಕೊನೆಯಲ್ಲಿ ಮೂರು ಗಂಟೆಯ ಪರೀಕ್ಷೆ ಇರಲಿಲ್ಲ. ಸೆಮಿಸ್ಟರಿನಲ್ಲಿ ಬರೆದದ್ದರಲ್ಲಿ ಮೂರು ಬರಹ ನಾವೇ ಆರಿಸಬೇಕು. ಅದರಲ್ಲಿ ಒಂದಕ್ಕೆ ಎಲ್ಲಾ ಕರಡುಗಳನ್ನೂ ಸೇರಿಸಬೇಕು. ಎಲ್ಲದರ ಮೇಲೆ ಎರಡು ಪುಟ ಮೀರದ ಒಂದು ಪತ್ರ. ಇದಕ್ಕೆ ಪೋರ್ಟ್‌ಫೋಲಿಯೊ ಅಂತ ದೊಡ್ಡ ಹೆಸರು. ನಾವು ಸುಮ್ನೆ ‘ಫೈಲು’ ಅನ್ನುತ್ತಿದ್ದೆವು.

ಮೊನ್ನೆ ಪಕ್ಕದ ಮನೆ ಹುಡುಗಿ ಇಂಥದ್ದೇ ಒಂದು ಪತ್ರ ತಂದು “ಆಂಟಿ, ಸ್ವಲ್ಪ ನೋಡ್ತೀರಾ?” ಅಂದಳು. ಅದಕ್ಕೇ ಇದೆಲ್ಲ ನೆನಪಾಯಿತು. ಅವಳ ವಿಷಯಕ್ಕೆ ಆಮೇಲೆ ಬರುತ್ತೇನೆ.

ನನ್ನ ಮೊದಲ ಪತ್ರ ಹೇಗಿತ್ತು ಅಂತ ಮುಜುಗರ ಬಿಟ್ಟು ಹೇಳಿಬಿಡುತ್ತೇನೆ. ‘ಪೂಜ್ಯ ಗುರುಗಳಿಗೆ ವಂದನೆಗಳು. ಈ ಸೆಮಿಸ್ಟರಿನಲ್ಲಿ ನಾನು ಬಹಳಷ್ಟು ಕಲಿತೆ. ನನ್ನ ಭಾಷೆ ಸುಧಾರಿಸಿತು. ವಿಷಯವನ್ನು ಆಳವಾಗಿ ನೋಡುವುದನ್ನು ಕಲಿತೆ. ನನ್ನ ಪ್ರಬಂಧಗಳಲ್ಲಿ ಸೂಕ್ಷ್ಮ ವಿವರಗಳಿವೆ. ತಪ್ಪುಗಳಿದ್ದರೆ ಕ್ಷಮಿಸಬೇಕಾಗಿ ವಿನಂತಿ.’ ಹೀಗೇ ಪುಟದ ತುದಿಯವರೆಗೆ. ಸುಧಾರಿಸಿತು ಅಂದ ಕಡೆ ಒಂದು ‘ಎಲ್ಲಿ?’, ಆಳ ಅಂದ ಕಡೆ ಒಂದು, ಸೂಕ್ಷ್ಮ ಅಂದ ಕಡೆ ಇನ್ನೊಂದು. ತಪ್ಪುಗಳಿದ್ದರೆ ಅಂದ ಕಡೆಯಂತೂ ಪೆನ್ಸಿಲ್ ಗಟ್ಟಿಯಾಗಿ ಒತ್ತಿದ್ದರು.

ನನಗೆ ಸಿಟ್ಟು ಬಂತು. ಫೈಲು ತೆರೆದು ನೋಡಿದರೆ ಗೊತ್ತಾಗುತ್ತಲ್ಲ, ಎಲ್ಲಿ ಅಂತ ನಾನ್ಯಾಕೆ ಹೇಳಬೇಕು?

ಮಾರನೇ ದಿನ ಮೇಷ್ಟ್ರು ಕ್ಲಾಸಿನಲ್ಲಿ ಮೂರು ಪತ್ರಗಳನ್ನು ಹೆಸರು ಹೇಳದೆ ಓದಿದರು. ಓದಿ ಮುಗಿಸಿ, “ನಿಮ್ಮದು ಯಾವುದು ಅಂತ ನಿಮಗೆ ಗೊತ್ತಾಯ್ತಾ?” ಅಂತ ಕೇಳಿದರು. ನಾನು ಎರಡನೆಯದಕ್ಕೆ ಕೈ ಎತ್ತಿದೆ. ಇನ್ನೂ ಇಬ್ಬರು ಅದಕ್ಕೇ ಕೈ ಎತ್ತಿದ್ದರು. ಆಮೇಲೆ ನೋಡಿದರೆ ಅದು ನಮ್ಮ ಮೂವರದೂ ಅಲ್ಲ. ಇಡೀ ಕ್ಲಾಸು ನಕ್ಕಿತು. ಮೇಷ್ಟ್ರು ಮಾತ್ರ ನಗಲಿಲ್ಲ. “ಯಾರ ಫೈಲಿಗೆ ಬೇಕಾದ್ರೂ ಪಿನ್ ಹೊಡೀಬಹುದಾದ ಪತ್ರ ಇದು. ನನಗೆ ಈ ಫೈಲಿನ ಪತ್ರ ಬೇಕು,” ಅಂದರು.

ಆಮೇಲೆ ಸ್ವಲ್ಪ ಹಿನ್ನೆಲೆ ಹೇಳಿದರು. 1980ರ ದಶಕದಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಎಲ್ಬೊ, ಪ್ಯಾಟ್ ಬೆಲನಾಫ್ ಅಂತ ಇಬ್ಬರು ಅಧ್ಯಾಪಕರಿದ್ದರು. ಒಂದೇ ಕೂತಿನಲ್ಲಿ ಬರೆಸುವ ಪರೀಕ್ಷೆಯಿಂದ ಹುಡುಗರ ಬರವಣಿಗೆ ತಿಳಿಯುವುದಿಲ್ಲ ಅಂತ ಅವರು ಅದನ್ನು ತೆಗೆದು ಈ ಫೈಲು ಪದ್ಧತಿ ತಂದರು. ಅಲ್ಲಿ ಫೈಲು ಓದುತ್ತಿದ್ದದ್ದು ಪಾಠ ಮಾಡಿದ ಮೇಷ್ಟ್ರಲ್ಲ, ಹುಡುಗರ ಮುಖ ನೋಡದ ಇನ್ನೊಬ್ಬರು. ಪರಿಚಯ ಇಲ್ಲದವರಿಗೆ ಯಾವ ಬರಹ ಎಲ್ಲಿಂದ ಹೊರಟು ಎಲ್ಲಿಗೆ ಬಂತು ಅಂತ ಯಾರಾದರೂ ಹೇಳಬೇಕಲ್ಲ. “ನಾನೂ ನಿಮಗೆ ಪರಿಚಯ ಇಲ್ಲ ಅಂದ್ಕೊಂಡು ಬರೀರಿ. ಫೈಲು ತೆರೆಯೋ ಮುಂಚೆ ನನಗೆ ಏನು ಗೊತ್ತಿರ್ಬೇಕೋ ಅದನ್ನ ಬರೀರಿ. ಸುಧಾರಿಸ್ತು ಅಂದ್ರೆ ಹಳೇ ಸಾಲು, ಹೊಸ ಸಾಲು ಎರಡೂ ಪಕ್ಕಪಕ್ಕ ಇಡಿ.”

ಎದೆ ಧಸಕ್ ಅಂತು. ಯಾಕೆಂದರೆ ನನ್ನ ಹತ್ತಿರ ಹಳೇ ಸಾಲು ಇರಲೇ ಇಲ್ಲ.

ನಾನು ಕರಡುಗಳ ಜೊತೆ ಕೊಡಬೇಕು ಅಂದುಕೊಂಡಿದ್ದದ್ದು ಕಡಲೆಕಾಯಿ ಪರಿಷೆಯ ಪ್ರಬಂಧ. ಬೆಂಗಳೂರಿನವರಿಗೆ ಹೇಳಬೇಕಿಲ್ಲ. ಕಾರ್ತಿಕ ಮಾಸದ ಕೊನೇ ಸೋಮವಾರ, ದೊಡ್ಡ ಬಸವಣ್ಣನ ಗುಡಿಯ ಮುಂದಿನ ರಸ್ತೆ ತುಂಬಾ ಕಡಲೆಕಾಯಿ ರಾಶಿ. ಆ ಪ್ರಬಂಧವನ್ನು ಮನೆಯ ಕಂಪ್ಯೂಟರಿನಲ್ಲಿ ಒಂದೇ ಫೈಲಿನಲ್ಲಿ ತಿದ್ದಿ ತಿದ್ದಿ ಸೇವ್ ಮಾಡಿದ್ದೆ. ಪ್ರತಿ ಸಲ ಹಳೆಯದು ಅಳಿಸಿಹೋಗಿ ಹೊಸದು ಮಾತ್ರ ಉಳಿದಿತ್ತು. ಕರಡುಗಳನ್ನು ಬೇರೆ ಬೇರೆ ಹೆಸರಿನಲ್ಲಿ, ತಾರೀಖು ಹಾಕಿ ಇಡಿ ಅಂತ ಮೇಷ್ಟ್ರು ಮೊದಲ ವಾರವೇ ಹೇಳಿದ್ದರು. ಯಾರು ಕೇಳುತ್ತಾರೆ?

ಆಗ ನಾನು ಮಾಡಿದ ಕೆಲಸ ಏನು ಗೊತ್ತಾ? ಮೊದಲ ಕರಡನ್ನು ಕೊನೆಯಲ್ಲಿ ಬರೆದೆ. ಮುಗಿದ ಪ್ರಬಂಧ ತೆಗೆದುಕೊಂಡು ಅದನ್ನು ಕೆಡಿಸಿದೆ. ಒಳ್ಳೆಯ ಪದ ಇದ್ದ ಕಡೆ ‘ತುಂಬಾ ಚೆನ್ನಾಗಿತ್ತು’ ಅಂತ ಹಾಕಿದೆ. ಉಪಮೆಗಳನ್ನು ಕಿತ್ತೆ. ಣಕಾರಕ್ಕೆ ನಕಾರ, ಲಕಾರಕ್ಕೆ ಳಕಾರ ಹಾಕಿದೆ. ಮೇಲೆ ನವೆಂಬರಿನ ಒಂದು ತಾರೀಖು. ಜೆರಾಕ್ಸ್ ಅಂಗಡಿಗೆ ಹೋಗಿ ಪ್ರಿಂಟು ತೆಗೆಸಿ, ಹಳೆಯದಾಗಿ ಕಾಣಲಿ ಅಂತ ನಾಲ್ಕು ಮಡಿಕೆ ಕೂಡ ಮಡಿಸಿದೆ. ಇಷ್ಟು ಶ್ರದ್ಧೆಯಿಂದ ನಾನು ಆ ಸೆಮಿಸ್ಟರಿನಲ್ಲಿ ಬೇರೇನೂ ಮಾಡಿರಲಿಲ್ಲ.

ಮೇಷ್ಟ್ರು ಎರಡೂ ಹಾಳೆಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು.

“ಇದರಲ್ಲಿ ಎಷ್ಟು ಪ್ಯಾರಾ ಇದೆ?”

“ಆರು ಸರ್.”

“ಇದರಲ್ಲಿ?”

“ಆರು.”

“ಅದೇ ಕ್ರಮ, ಅಲ್ವಾ?”

ನಾನು ಸುಮ್ಮನಿದ್ದೆ.

“ಅಲ್ಲಮ್ಮಾ, ಮೊದಲನೇ ಸಲ ಬರೀವಾಗ್ಲೇ ಯಾವ ಪ್ಯಾರಾ ಎಲ್ಲಿ ಬರ್ಬೇಕು, ಎಲ್ಲಿ ನಿಲ್ಲಿಸ್ಬೇಕು ಅಂತ ಎಲ್ಲಾ ಗೊತ್ತಿತ್ತು ನಿಂಗೆ. ‘ಬಾಣಲೆ’ ಬರೆಯೋದು ಮಾತ್ರ ಗೊತ್ತಿರ್ಲಿಲ್ವಾ?”

ಹಾಳೆಯಲ್ಲಿ ‘ಬಾನಳೆ’ ಅಂತ ಇತ್ತು.

ಬೈಯುತ್ತಾರೆ ಅಂದುಕೊಂಡೆ, ಬೈಯಲಿಲ್ಲ. ಕುರ್ಚಿ ತೋರಿಸಿ ಕೂರಿಸಿದರು. ಕಳ್ಳ ಕರಡನ್ನು ಹೇಗೆ ಗುರುತು ಹಿಡಿಯುತ್ತೇನೆ ಅಂತ ವಿವರಿಸಿದರು. ಅದು ನನಗೆ ಇವತ್ತಿಗೂ ಕೆಲಸಕ್ಕೆ ಬರುತ್ತಿದೆ. ನಿಜವಾದ ಮೊದಲ ಕರಡಿನಲ್ಲಿ ಕಾಗುಣಿತದ ತಪ್ಪು ಕಡಿಮೆಯೇ ಇರಬಹುದಂತೆ. ನಮಗೆ ಬರುವ ಕಾಗುಣಿತ ಮೊದಲ ದಿನವೂ ಬರುತ್ತದೆ. ಆದರೆ ಅಳತೆ ತಪ್ಪಿರುತ್ತದೆ. ಎರಡು ಸಾಲಿನಲ್ಲಿ ಮುಗಿಯಬೇಕಾದದ್ದು ಒಂದು ಪುಟ ತಿಂದಿರುತ್ತದೆ. ಮುಖ್ಯವಾದದ್ದು ಎಲ್ಲೋ ಮೂಲೆಯಲ್ಲಿ, ಬರೆದವರಿಗೇ ಗೊತ್ತಿಲ್ಲದ ಹಾಗೆ ಕೂತಿರುತ್ತದೆ. ಆಮೇಲೆ ಪೂರ್ತಿ ಬಿಟ್ಟುಹೋಗಿರುವ ಯಾವುದೋ ವಿಷಯ ಇದ್ದೇ ಇರುತ್ತದೆ. “ಮೊದಲ ಕರಡು ಅಂದ್ರೆ ಕೊನೇದರ ಗಲೀಜು ಕಾಪಿ ಅಲ್ಲ. ಎಷ್ಟೋ ಸಲ ಅದು ಬೇರೆ ವಿಷಯದ ಮೇಲೇ ಇರುತ್ತೆ,” ಅಂದರು.

ಎದ್ದು ಬರುವಾಗ ನಗುತ್ತಾ, “ಕುಮಾರವ್ಯಾಸನ ಹತ್ರ ನಾನು ಕವರ್ ಲೆಟರ್ ಕೇಳ್ತಿರ್ಲಿಲ್ಲ. ಹಲಗೆ ಬಳಪ ಮುಟ್ಟಲ್ಲ, ಇಟ್ಟ ಪದ ಅಳಿಸಲ್ಲ ಅಂತ ಅವನೇ ಹೇಳ್ಕೊಂಡಿದಾನೆ. ಕರಡೇ ಇಲ್ಲ ಅವನ ಹತ್ರ. ನೀನು ಅಳಿಸಿದೀಯ. ಹುಡುಕು,” ಅಂದರು.

ಹುಡುಕಿದೆ. ಎರಡು ಕಡೆ ಸಿಕ್ಕಿತು. ಪರಿಷೆಯ ರಾತ್ರಿ ಬಸ್ಸಿನಲ್ಲಿ ಕೂತು ಮೈಸೂರಿನಲ್ಲಿದ್ದ ಅಕ್ಕನಿಗೆ ವಾಟ್ಸಾಪ್‌ನಲ್ಲಿ ಉದ್ದಕ್ಕೆ ಬರೆದು ಕಳಿಸಿದ್ದೆ. ಅದು ಕರಡು ಅಂತ ನನಗೆ ಹೊಳೆದೇ ಇರಲಿಲ್ಲ. ಇನ್ನೊಂದು, ಕ್ಲಾಸಿನಲ್ಲಿ ಒಬ್ಬರದನ್ನೊಬ್ಬರು ಓದುವ ದಿನ ಕೊಟ್ಟಿದ್ದ ಪ್ರಿಂಟು. ಅದು ಪಕ್ಕದ ಬೆಂಚಿನ ಗೆಳತಿಯ ಬ್ಯಾಗಿನ ತಳದಲ್ಲಿತ್ತು. ಟಿಫಿನ್ ಬಾಕ್ಸಿನ ಎಣ್ಣೆ ಕಲೆ ಆಗಿತ್ತು. ನನ್ನ ನಾಲ್ಕು ಮಡಿಕೆಗಿಂತ ಅದು ಎಷ್ಟೋ ಹಳೆಯದಾಗಿ ಕಾಣುತ್ತಿತ್ತು.

ಎರಡನ್ನೂ ಮುಗಿದ ಪ್ರಬಂಧದ ಪಕ್ಕ ಇಟ್ಟು ನೋಡಿದಾಗ ಬೇರೆಯೇ ಒಂದು ಆಶ್ಚರ್ಯ.

ಅಕ್ಕನಿಗೆ ಕಳಿಸಿದ್ದರಲ್ಲಿ ಅರ್ಧ ಭಾಗ ನನ್ನ ಚಪ್ಪಲಿ ಕಿತ್ತುಹೋದ ಕತೆ. ಆಮೇಲೆ ಮಕ್ಕಳು ಊದುತ್ತಿದ್ದ ಪೀಪಿ ಸದ್ದಿಗೆ ತಲೆನೋವು ಬಂದದ್ದು. ನಡುವೆ ಒಂದೇ ಒಂದು ಸಾಲು: ‘ಒಂದಜ್ಜಿ ಸೇರು ಅಳೆದ ಮೇಲೆ ಇನ್ನೊಂದು ಹಿಡಿ ಹಾಕಿದ್ಳು ಕಣೇ, ಕೊಸರು ಅಂತೆ, ಕೇಳ್ದೇನೇ.’

ಕ್ಲಾಸಿಗೆ ಕೊಟ್ಟ ಎರಡನೇ ಕರಡಿನಲ್ಲಿ ಚಪ್ಪಲಿ ಇಲ್ಲ, ಪೀಪಿ ಇಲ್ಲ. ಅದು ಶುರುವಾಗುವುದೇ ಹೀಗೆ: ‘ಕಡಲೆಕಾಯಿ ಪರಿಷೆಗೆ ತನ್ನದೇ ಆದ ಇತಿಹಾಸವಿದೆ.’ ಆಮೇಲೆ ಸುಂಕೇನಹಳ್ಳಿಯ ರೈತರ ಬೆಳೆಯನ್ನು ಬಸವ ಬಂದು ಮೇಯುತ್ತಿದ್ದ ಕತೆ, ಕೆಂಪೇಗೌಡರು ಗುಡಿ ಕಟ್ಟಿಸಿದ ಕತೆ. ಎರಡೂವರೆ ಪುಟ. ಎಲ್ಲಾ ಕಡೆ ಸಿಗುವಂಥದ್ದು. ಅಜ್ಜಿ ಮೂರನೇ ಪುಟದ ಮಧ್ಯದಲ್ಲಿ ಬರುತ್ತಾಳೆ. ಅದೂ ಹೇಗೆ? ‘ವ್ಯಾಪಾರಿಗಳು ಉದಾರವಾಗಿ ವರ್ತಿಸುತ್ತಾರೆ’ ಅಂತ. ಅಜ್ಜಿಯ ಕೈ ಮಾಯ, ಕೊಸರು ಅನ್ನುವ ಪದವೂ ಮಾಯ.

ಅಂದರೆ ಎರಡನೇ ಕರಡು ಮೊದಲನೆಯದಕ್ಕಿಂತ ಕೆಟ್ಟದಾಗಿತ್ತು. ಅಕ್ಕನಿಗೆ ಬರೆಯುವಾಗ ನಾನು ಪರಿಷೆಯಲ್ಲಿದ್ದೆ. ಮೇಷ್ಟ್ರಿಗೆ ಬರೆಯುವಾಗ ಪ್ರಬಂಧ ಅಂದರೆ ಹೀಗಿರಬೇಕು ಅಂದುಕೊಂಡು ಲೈಬ್ರರಿಗೆ ಹೋಗಿ ಕೂತಿದ್ದೆ. ನನ್ನ ಪತ್ರದಲ್ಲಿ ಮಾತ್ರ ‘ದಿನೇ ದಿನೇ ಸುಧಾರಿಸಿತು’ ಅಂತ ಮೆಟ್ಟಿಲು ಹತ್ತಿದ ಹಾಗೆ ಬರೆದಿದ್ದೆ. ನನ್ನ ಕಳ್ಳ ಕರಡು ಹುಟ್ಟಿದ್ದೂ ಈ ಮೆಟ್ಟಿಲಿಗೋಸ್ಕರವೇ. ಕೆಳಗಿನ ಮೆಟ್ಟಿಲು ಬೇಕಿತ್ತು, ಇರಲಿಲ್ಲ, ಮಾಡಿಟ್ಟೆ.

ಮೂರನೇ ಸಲ ನಾನು ಕೊಟ್ಟ ಪತ್ರದ ಒಂದು ಭಾಗ ಇದು. ಆಗಿನ ಭಾಷೆ ಹೇಗಿತ್ತೋ ಹಾಗೇ ಇಡುತ್ತಿದ್ದೇನೆ.

‘ಸರ್, ಮೊದಲು ಪರಿಷೆಯ ಪ್ರಬಂಧ ಓದಿ. ಅದಕ್ಕೆ ಮೂರು ಕರಡು ಇಟ್ಟಿದ್ದೇನೆ. ಮೊದಲನೆಯದು ಅಕ್ಕನಿಗೆ ಕಳಿಸಿದ ಮೆಸೇಜು. ಅದರಲ್ಲಿ ಕೊಸರಿನ ಅಜ್ಜಿಗೆ ಒಂದು ಸಾಲು, ನನ್ನ ಚಪ್ಪಲಿಗೆ ಹನ್ನೊಂದು ಸಾಲು. ಎರಡನೆಯದು ಕ್ಲಾಸಿಗೆ ಕೊಟ್ಟದ್ದು. ಅದರ ಮೊದಲ ವಾಕ್ಯ, “ಕಡಲೆಕಾಯಿ ಪರಿಷೆಗೆ ತನ್ನದೇ ಆದ ಇತಿಹಾಸವಿದೆ.” ಇದು ಮೊದಲನೆಯದಕ್ಕಿಂತ ಕೆಟ್ಟದಾಗಿದೆ. ನನಗೆ ಗೊತ್ತಿದ್ದದ್ದನ್ನು ಬಿಟ್ಟು ಎಲ್ಲರಿಗೂ ಗೊತ್ತಿದ್ದದ್ದನ್ನು ಬರೆದಿದ್ದೇನೆ.

ಪಕ್ಕದ ಬೆಂಚಿನವಳು ಓದುವಾಗ ಮೂರನೇ ಪುಟದ ಮೇಲೆ ಬೆರಳಿಟ್ಟು, “ಇಲ್ಲಿಂದ ಓದ್ದೆ, ಮುಂಚೆದು ಬಿಟ್ಬಿಟ್ಟೆ” ಅಂದಳು. ಬೇಜಾರಾಯಿತು. ಆದರೆ ಅವಳು ಬೆರಳಿಟ್ಟ ಕಡೆ ಇದ್ದ ಅಜ್ಜಿಯಿಂದಲೇ ಈಗ ಪ್ರಬಂಧ ಶುರು: “ಸೇರು ತುಂಬಿ, ಗೋಪುರವಾಗಿ, ಉದುರಿದ ಮೇಲೆ ಅಜ್ಜಿ ಇನ್ನೊಂದು ಹಿಡಿ ಎತ್ತಿ ಚೀಲಕ್ಕೆ ಹಾಕಿದಳು. ಅದಕ್ಕೆ ದುಡ್ಡಿಲ್ಲ.” ಕೆಂಪೇಗೌಡರ ಭಾಗ ಪೂರ್ತಿ ತೆಗೆದೆ. ಅದನ್ನು ಬರೆಯಲು ಎರಡು ದಿನ ಹಿಡಿದಿತ್ತು, ತೆಗೆಯುವಾಗ ಹೊಟ್ಟೆ ಉರಿಯಿತು.

ಕೊನೇ ಪ್ಯಾರಾ ಇನ್ನೂ ಸರಿಯಿಲ್ಲ. ನಮ್ಮ ಕಾಲದ ಜನರಿಗೆ ಕೊಸರು ಮರೆತುಹೋಗಿದೆ ಅಂತ ಭಾಷಣ ಮಾಡಿದ್ದೇನೆ. ಎರಡು ಸಲ ಬೇರೆ ಥರ ಬರೆದು ನೋಡಿದೆ, ಆಗಲೂ ಭಾಷಣವೇ ಬಂತು. ಪೂರ್ತಿ ತೆಗೆದರೆ ಪ್ರಬಂಧ ತಟಕ್ಕನೆ ನಿಂತ ಹಾಗಾಗುತ್ತದೆ. ಅದು ಪರವಾಗಿಲ್ಲವಾ ಅಂತ ನೀವು ಓದಿ ಹೇಳಬೇಕು.

ನಾಟಕದ ವಿಮರ್ಶೆಗೆ ನೀವು ಎಲ್ಲಕ್ಕಿಂತ ಜಾಸ್ತಿ ಅಂಕ ಕೊಟ್ಟಿದ್ದಿರಿ. ಅದು ಈ ಫೈಲಿನಲ್ಲಿ ಇಲ್ಲ. ಅದನ್ನು ಒಂದೇ ರಾತ್ರಿ ಬರೆದೆ, ಒಂದು ಪದವೂ ತಿದ್ದಲಿಲ್ಲ. ಅದು ಹೇಗೆ ಚೆನ್ನಾಗಿ ಬಂತು ಅಂತ ನನಗೆ ಗೊತ್ತಿಲ್ಲ, ಇನ್ನೊಂದು ಸಲ ಹಾಗೆ ಬರೆಯಬಲ್ಲೆ ಅನ್ನುವ ಧೈರ್ಯವೂ ಇಲ್ಲ.’

ಇದರ ಅಂಚಿನಲ್ಲಿ ಒಂದೂ ‘ಎಲ್ಲಿ?’ ಇರಲಿಲ್ಲ. ಕೊನೇ ಪ್ಯಾರಾದ ಪ್ರಶ್ನೆಯ ಪಕ್ಕ ಮಾತ್ರ, ‘ತೆಗೆ. ನಿಂತರೆ ನಿಲ್ಲಲಿ’ ಅಂತ ಇತ್ತು.

ಈಗ ಆ ಪತ್ರ ಓದಿದರೆ ಒಂದು ಗಮನಕ್ಕೆ ಬರುತ್ತದೆ. ‘ತಪ್ಪಿದ್ದರೆ ಕ್ಷಮಿಸಿ’ ಅನ್ನುವುದೂ ‘ಕೊನೇ ಪ್ಯಾರಾ ಸರಿಯಿಲ್ಲ’ ಅನ್ನುವುದೂ ಮೇಲ್ನೋಟಕ್ಕೆ ಒಂದೇ ಥರ ಕಾಣುತ್ತವೆ. ಎರಡರಲ್ಲೂ ತಪ್ಪು ಒಪ್ಪಿಕೊಂಡ ಹಾಗೆಯೇ ಇದೆ. ಆದರೆ ಮೊದಲನೆಯದು ಬರೀ ಕೈ ಮುಗಿಯುವುದು. ಮದುವೆ ಕರೆಯೋಲೆಯಿಂದ ಭಾಷಣದವರೆಗೆ ನಮಗೆ ಅಭ್ಯಾಸವಾಗಿಬಿಟ್ಟಿದೆ, ಅದನ್ನು ಹೇಳಲು ನಮ್ಮ ಬರಹವನ್ನು ನಾವು ಓದಿರಬೇಕು ಅಂತಲೂ ಇಲ್ಲ. ಎರಡನೆಯದನ್ನು ಹೇಳಬೇಕಾದರೆ ಆ ಪ್ಯಾರಾದ ಮುಂದೆ ಸ್ವಲ್ಪ ಹೊತ್ತು ಕೂತಿರಬೇಕು. ಏನು ಸರಿಯಿಲ್ಲ, ಏನೇನು ಮಾಡಿ ನೋಡಿದೆ, ಯಾಕೆ ಆಗಲಿಲ್ಲ ಅಂತ ಹೇಳಬೇಕಾಗುತ್ತದೆ. ಓದುವ ಮೇಷ್ಟ್ರಿಗೂ ಆಗ ಮಾಡುವುದಕ್ಕೆ ಒಂದು ಕೆಲಸ ಸಿಗುತ್ತದೆ.

ಹಾಗಂತ ಈ ಪತ್ರದಿಂದ ಎಲ್ಲಾ ಸರಿಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ನಮ್ಮ ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದ. ಪತ್ರ ಅದ್ಭುತ. ಕರಡಿನಿಂದ ಕರಡಿಗೆ ಏನು ಬದಲಾಯಿತು ಅಂತ ಸಾಲು ಸಾಲಾಗಿ ತೋರಿಸಿದ್ದ. ಪ್ರಬಂಧ ಮಾತ್ರ ಮೂರನೇ ಕರಡಿನಲ್ಲೂ ಸಪ್ಪೆ. ಅವನಿಗೆ ತನ್ನ ಬರಹದ ರೋಗ ಪೂರ್ತಿ ಗೊತ್ತಿತ್ತು, ಮದ್ದು ಗೊತ್ತಿರಲಿಲ್ಲ. ಇನ್ನೊಬ್ಬಳು ಅದಕ್ಕೆ ತದ್ವಿರುದ್ಧ. ಬರೆದರೆ ಓದುತ್ತಲೇ ಇರಬೇಕು ಅನ್ನಿಸುತ್ತಿತ್ತು. ಪತ್ರ ಮೂರೇ ಸಾಲು, ಅದೂ ಒಳಗೆ ಏನೇನಿದೆ ಅನ್ನುವ ಪಟ್ಟಿ. ಫೈಲಿನ 50 ಅಂಕದಲ್ಲಿ ಪತ್ರಕ್ಕೆ 10 ಇತ್ತು. ಅವಳಿಗೆ ಎರಡು ಬಂತು. ಅದು ಸರಿಯಾ ಅಂತ ನಾವು ಕ್ಯಾಂಟೀನಿನಲ್ಲಿ ತುಂಬಾ ಜಗಳ ಆಡಿದೆವು. ನನಗೆ ಇವತ್ತಿಗೂ ಅದು ಪೂರ್ತಿ ಒಪ್ಪಿಗೆಯಿಲ್ಲ. ಚೆನ್ನಾಗಿ ಬರೆಯುವವರಿಗೆ ತಾವು ಹೇಗೆ ಬರೆದೆವು ಅಂತ ಹೇಳುವುದೂ ಬರಲೇಬೇಕು ಅಂತ ಏನಿದೆ?

ಇನ್ನೊಂದು ತೊಂದರೆ ಮೇಷ್ಟ್ರೇ ಹೇಳಿದ್ದರು. ಪತ್ರ ಮೊದಲು ಓದಿದರೆ ಅದರ ಬಣ್ಣ ಫೈಲಿಗೆಲ್ಲಾ ಹತ್ತುತ್ತದೆ. ಪತ್ರ ಹಿಡಿಸಿದರೆ ಒಳಗಿನ ಸಾಧಾರಣ ಸಾಲೂ ಚೆನ್ನಾಗಿ ಕಾಣುತ್ತದೆ. ಅದಕ್ಕೇ ಅವರು ಒಂದಷ್ಟು ಫೈಲುಗಳಲ್ಲಿ ಪತ್ರವನ್ನು ಮಗುಚಿಟ್ಟು, ಬರಹಗಳನ್ನೆಲ್ಲಾ ಓದಿ ಆಮೇಲೆ ಪತ್ರಕ್ಕೆ ಬರುತ್ತಿದ್ದರಂತೆ. ನನ್ನ ಫೈಲನ್ನು ಹೇಗೆ ಓದಿದರು ಅಂತ ಕೇಳುವ ಧೈರ್ಯ ನನಗೆ ಬರಲಿಲ್ಲ.

ಪಕ್ಕದ ಮನೆ ಹುಡುಗಿಯ ಪತ್ರಕ್ಕೆ ಬರೋಣ. ‘ಈ ಪಯಣದಲ್ಲಿ ನಾನು ಒಬ್ಬ ಬರಹಗಾರ್ತಿಯಾಗಿ ಬೆಳೆದೆ’ ಅಂತ ಶುರುವಾಗಿತ್ತು. ನಮ್ಮ ಕಾಲದಲ್ಲಿ ‘ಬಹಳಷ್ಟು ಕಲಿತೆ’, ಈಗ ‘ಪಯಣ’. ಅಷ್ಟೇ ವ್ಯತ್ಯಾಸ. ನಾನು ಪೆನ್ಸಿಲ್ ತೆಗೆದುಕೊಳ್ಳಲಿಲ್ಲ. “ಮೊದಲನೇ ಕರಡು ಎಲ್ಲಿದೆ?” ಅಂತ ಕೇಳಿದೆ.

“ಇಲ್ಲ ಆಂಟಿ, ಅದರ ಮೇಲೇ ತಿದ್ಬಿಟ್ಟೆ.” ಆಮೇಲೆ ಸ್ವಲ್ಪ ತಡೆದು, “ಒಂದು ಬರ್ಕೊಂಡು ಬರ್ಲಾ?” ಅಂದಳು.

ನಗು ತಡೆಯಲಾಗಲಿಲ್ಲ. ಬಾನಳೆಯ ಕತೆ ಹೇಳಿದೆ. ಅವಳು ಬರೆದದ್ದು ಗೂಗಲ್ ಡಾಕ್ಸ್‌ನಲ್ಲಿ. ನಮಗಿಲ್ಲದ ಒಂದು ಅನುಕೂಲ ಅವಳಿಗಿತ್ತು. ಲ್ಯಾಪ್‌ಟಾಪ್ ತರಿಸಿ `File > Version history > See version history` ತೆರೆಸಿದೆ. ಬಲಗಡೆ ತಾರೀಖು, ಗಂಟೆ ಸಮೇತ ಉದ್ದಕ್ಕೆ ಪಟ್ಟಿ ಬಂತು. ಒಂದೊಂದನ್ನೇ ಒತ್ತುತ್ತಾ ಕೆಳಗೆ ಹೋದಳು. ಅವಳ ಪ್ರಬಂಧ ಕೆ.ಆರ್. ಮಾರ್ಕೆಟ್ಟಿನ ಬಗ್ಗೆ. ಈಗಿನ ಪ್ರತಿಯಲ್ಲಿ ಹೂವಿನ ವ್ಯಾಪಾರದ ಮೇಲೆ ಅಚ್ಚುಕಟ್ಟಾದ ನಾಲ್ಕು ಪ್ಯಾರಾ ಇದ್ದವು. ಒಂದು ಮಂಗಳವಾರ ರಾತ್ರಿ ಹನ್ನೊಂದೂವರೆಯ ಪ್ರತಿಯಲ್ಲಿ ಅವಳಜ್ಜ ಇದ್ದರು. ಕೈಯನ್ನು ಮೊಳ ಮಾಡಿ ಹೂವು ಅಳೆಯುತ್ತಿದ್ದ ಅಜ್ಜ. ಅವರ ಮೊಳ ಉಳಿದವರ ಮೊಳಕ್ಕಿಂತ ಉದ್ದ ಅಂತ ಗಿರಾಕಿಗಳು ಹುಡುಕಿಕೊಂಡು ಬರುತ್ತಿದ್ದರಂತೆ.

ಹುಡುಗಿ ಅದನ್ನು ಎರಡು ಸಲ ಓದಿದಳು.

“ಇದನ್ನ ಯಾಕೆ ತೆಗ್ದೆ ನಾನು?” ಅಂದಳು, ನನ್ನ ಕಡೆ ನೋಡದೆ.

“ಅದನ್ನೇ ಬರಿ ಪತ್ರದಲ್ಲಿ,” ಅಂದೆ. ಅವಳಾಗಲೇ ಪಯಣದ ಸಾಲನ್ನು ಅಳಿಸುತ್ತಿದ್ದಳು.